ದಾರ ಹಿಡಿದು ರೆಕ್ಕೆ ಅಳೆದ ಲೆಕ್ಕ

ನಾನು ಬೆಂಗಳೂರಿನಲ್ಲಿ ಬಾಲ್ಸಾ ಮರದಿಂದ ಆರ್‌ಸಿ ವಿಮಾನ, ಅಂದರೆ ರಿಮೋಟ್ ಹಿಡಿದು ಹಾರಿಸುವ ಪುಟ್ಟ ವಿಮಾನ ಕಟ್ಟುತ್ತೇನೆ. ನೋಡಲು ಬರುವವರು ಹೆಚ್ಚಾಗಿ ಹೇಳುವುದು ಒಂದೇ ಮಾತು: ರೆಕ್ಕೆಯ ಮೇಲ್ಭಾಗ ಉಬ್ಬಿದೆ, ಅಲ್ಲಿ ದಾರಿ ಉದ್ದ, ಮುಂದಿನ ಅಂಚಿನಲ್ಲಿ ಬೇರೆಯಾದ ಗಾಳಿ ಹಿಂದಿನ ಅಂಚಿಗೆ ಒಟ್ಟಿಗೇ ತಲುಪಬೇಕು, ಹಾಗಾಗಿ ಮೇಲಿನ ಗಾಳಿ ಜೋರಾಗಿ ಓಡುತ್ತದೆ, ಒತ್ತಡ ಇಳಿಯುತ್ತದೆ, ರೆಕ್ಕೆ ಏಳುತ್ತದೆ. ಸುಮ್ನೆ ತಪ್ಪು ಅಂದರೆ ಯಾರೂ ಒಪ್ಪುವುದಿಲ್ಲ. ಅದಕ್ಕೇ ದಾರ ಹಿಡಿದು ಅಳೆದು ತೋರಿಸುತ್ತೇನೆ.

ಹಾರಿಸಲು ಕಲಿಯುವವರಿಗೆಂದು ಕಟ್ಟಿದ ನನ್ನ ಟ್ರೈನರ್ ವಿಮಾನದ ರೆಕ್ಕೆ ಕ್ಲಾರ್ಕ್ ವೈ ಆಕಾರದ್ದು, ಮೇಲೆ ಉಬ್ಬಿ ಕೆಳಗೆ ಬಹುತೇಕ ಚಪ್ಪಟೆ, ಅಗಲ 20 ಸೆಂಮೀ, ಉದ್ದ 1.2 ಮೀಟರ್. ರೆಕ್ಕೆಗೆ ಆಕಾರ ಕೊಡುವ ಅಡ್ಡಪಟ್ಟಿ, ಅಂದರೆ ರಿಬ್‌ನ ಮೇಲ್ಮೈಗೆ ದಾರ ಅಂಟಿಸಿ ಅಳೆದರೆ 20.8 ಸೆಂಮೀ, ಕೆಳಮೈ 20.2. ವ್ಯತ್ಯಾಸ 3%. ವಿಮಾನ ಸೆಕೆಂಡಿಗೆ 12 ಮೀಟರ್ ಹೋಗುತ್ತಿದೆ ಎಂದುಕೊಳ್ಳಿ. ಮೇಲಿನ ಗಾಳಿ, ಕೆಳಗಿನ ಗಾಳಿ ಎರಡೂ ಒಟ್ಟಿಗೇ ತಲುಪಬೇಕಾದರೆ ಮೇಲಿನ ಗಾಳಿಯ ವೇಗ 12.36 ಆಗಬೇಕು. ಬೆಂಗಳೂರಿನ ಎತ್ತರದಲ್ಲಿ ಒಂದು ಘನ ಮೀಟರ್ ಗಾಳಿ ಸುಮಾರು 1.1 ಕೆಜಿ. ಗಾಳಿಯ ವೇಗ ಏರಿದರೆ ಒತ್ತಡ ಎಷ್ಟು ಇಳಿಯುತ್ತದೆ ಎಂದು ಹೇಳುವ ಬರ್ನೂಲಿ ಸೂತ್ರಕ್ಕೆ ಹಾಕಿದರೆ ಒತ್ತಡದ ವ್ಯತ್ಯಾಸ 5 ಪ್ಯಾಸ್ಕಲ್ ಕೂಡ ಬರುವುದಿಲ್ಲ. ಇಡೀ ರೆಕ್ಕೆಗೆ ಸೇರಿ ಅದು ಎತ್ತುವುದು ಸುಮಾರು 120 ಗ್ರಾಂ! ನನ್ನ ವಿಮಾನದ ತೂಕ ಒಂದು ಕೆಜಿ. ಅದಕ್ಕೆ 41 ಪ್ಯಾಸ್ಕಲ್ ಬೇಕು.

ಇಲ್ಲಿ ಬರ್ನೂಲಿಯ ತಪ್ಪೇನೂ ಇಲ್ಲ. ತಪ್ಪಿರುವುದು ಒಟ್ಟಿಗೇ ತಲುಪಬೇಕು ಎಂಬ ಊಹೆಯಲ್ಲಿ. ಬೇರೆಯಾದ ಗಾಳಿ ಮತ್ತೆ ಜೊತೆಗೂಡಲೇಬೇಕು ಎಂಬ ನಿಯಮವೇ ಇಲ್ಲ. ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಹೋಲ್ಗರ್ ಬಾಬಿನ್‌ಸ್ಕಿ ಗಾಳಿ ಸುರಂಗದಲ್ಲಿ ಹೊಗೆಯನ್ನು ತುಂಡು ತುಂಡಾಗಿ ಬಿಟ್ಟು ಚಿತ್ರೀಕರಿಸಿದ್ದಾರೆ: ಮೇಲಿನ ಹೊಗೆ ಎಷ್ಟೋ ಮೊದಲೇ ಹಿಂದಿನ ಅಂಚು ದಾಟಿಬಿಡುತ್ತದೆ, ಕೆಳಗಿನದು ಹಿಂದೆ ಉಳಿಯುತ್ತದೆ.

ಹಾಗಾದರೆ ರೆಕ್ಕೆಯನ್ನು ಎತ್ತುವ ಬಲ, ಲಿಫ್ಟ್, ಎಲ್ಲಿಂದ? ರೆಕ್ಕೆ ಗಾಳಿಯನ್ನು ಕೆಳಕ್ಕೆ ತಿರುಗಿಸುತ್ತದೆ, ಗಾಳಿ ಅಷ್ಟೇ ಬಲದಿಂದ ರೆಕ್ಕೆಯನ್ನು ಮೇಲಕ್ಕೆ ತಳ್ಳುತ್ತದೆ. ಕೆಳಮೈ ಗಾಳಿಯನ್ನು ತಡೆದು ಕೆಳಕ್ಕೆ ದೂಡುವುದು ಬೇಗ ಅರ್ಥವಾಗುತ್ತದೆ. ಮೇಲ್ಮೈ ಕೆಲಸ ಇದಕ್ಕಿಂತ ಜಾಸ್ತಿ. ಅಲ್ಲಿ ಗಾಳಿ ಮೈಗೆ ಅಂಟಿಕೊಂಡು ಬಾಗಿ ಇಳಿಯುತ್ತದೆ. ಬಾಗಬೇಕಾದರೆ ಒಳಗಡೆ, ಅಂದರೆ ರೆಕ್ಕೆಯ ಕಡೆ, ಒತ್ತಡ ಕಡಿಮೆ ಇರಲೇಬೇಕು. ಆ ಕಡಿಮೆ ಒತ್ತಡದ ಕಡೆಗೆ ಬರುವ ಗಾಳಿ ವೇಗ ಪಡೆಯುತ್ತದೆ. ವೇಗ ಬರುವುದು ಹೀಗೆ, ದಾರಿ ಉದ್ದ ಎಂಬ ಕಾರಣಕ್ಕಲ್ಲ.

ಇದಕ್ಕೇ ಚಪ್ಪಟೆ ಫೋಮ್ ಹಾಳೆಯ ರೆಕ್ಕೆಯೂ ಹಾರುತ್ತದೆ, ಎರಡೂ ಕಡೆ ದಾರಿ ಒಂದೇ ಇದ್ದರೂ. ಮೂತಿ ಸ್ವಲ್ಪ ಎತ್ತಿದರೆ ಸಾಕು. ಆದರೆ ಎತ್ತುವುದಕ್ಕೆ ಮಿತಿ ಇದೆ. ರೆಕ್ಕೆಯ ಮೇಲೆ ಉಣ್ಣೆಯ ಎಳೆಗಳನ್ನು ಟೇಪ್ ಹಾಕಿ, ಬಾಲದ ಮೇಲೆ ಪುಟ್ಟ ಕ್ಯಾಮೆರಾ ಕೂರಿಸಿ ಹಾರಿಸಿ ನೋಡಿ. ಮೊದಲು ಎಳೆಗಳು ನೇರವಾಗಿ ಹಿಂದಕ್ಕೆ ಮಲಗಿರುತ್ತವೆ. ಮೂತಿ ಎತ್ತುತ್ತಾ ಹೋದಂತೆ ಹಿಂದಿನ ಅಂಚಿನವು ಒದ್ದಾಡಲು ಶುರುಮಾಡುತ್ತವೆ, ಆಮೇಲೆ ಮುಂದಿನವು, ಕೆಲವು ತಿರುಗಿ ಮುಂದಕ್ಕೇ ಮುಖ ಮಾಡುತ್ತವೆ. ಅಲ್ಲಿ ಗಾಳಿ ಮೈ ಬಿಟ್ಟು ಎದ್ದಿದೆ ಎಂದರ್ಥ. ಮೇಲ್ಮೈಯ ಉದ್ದ ಒಂದು ಮಿಲಿಮೀಟರೂ ಕಡಿಮೆಯಾಗಿಲ್ಲ, ಆದರೂ ಲಿಫ್ಟ್ ಕುಸಿದು, ಅಂದರೆ ಸ್ಟಾಲ್ ಆಗಿ, ವಿಮಾನ ಮೂತಿ ಕೆಡವುತ್ತದೆ.