ಆಮೆ ಮತ್ತು ನೇರಳೆ ಹಣ್ಣು: 3 ನಿಮಿಷದ ಸ್ಕ್ರಿಪ್ಟ್ ಬರೆದ ಅನುಭವ

ನೇರಳೆ ಹಣ್ಣಾಗುವವರೆಗೆ ಕಾಯಲು ಕಲಿಯುವ ಆಮೆಯ ಕಥೆ, ಪುಟ್ಟ ಮಕ್ಕಳ ಅನಿಮೇಷನ್ ಚಿತ್ರಕ್ಕೆ. ನಾಲ್ಕನೇ ಡ್ರಾಫ್ಟ್‌ಗೆ ನನ್ನ ಆಮೆ ಕೊನೆಗೂ ಗೆದ್ದಿತು. "ಪರದೆ ಮೇಲೆ ಏನೂ ಆಗದಿದ್ದರೆ ಮಕ್ಕಳು ಎದ್ದು ಹೋಗ್ತಾರೆ" ಎಂದು ನಿರ್ಮಾಪಕರು ಪಟ್ಟು ಹಿಡಿದಿದ್ದರು. ತಾಳ್ಮೆಯ ಕಥೆಯಲ್ಲಿ ಕಾಯುವುದನ್ನೇ ತೋರಿಸದಿದ್ದರೆ ಹೇಗೆ ಅಲ್ವಾ?

ಮೊದಲ ಡ್ರಾಫ್ಟ್ ಕೆಟ್ಟಿದ್ದು ಬೇರೆ ಕಾರಣಕ್ಕೆ. ಆಮೆ ಹೇಗೂ ನಿಧಾನ, ಹಾಗಾಗಿ ಶುರುವಿನಿಂದಲೇ ತಾಳ್ಮೆ ಇದ್ದಂತೆ ಕಂಡಿತು. ಕಲಿಯುವುದಕ್ಕೆ ಏನೂ ಉಳಿಯಲಿಲ್ಲ. ಆಮೇಲೆ ಅದನ್ನು ಆತುರಗಾರ ಮಾಡಿದೆ. ಕಾಲು ನಿಧಾನ, ಕತ್ತು ಮಾತ್ರ ಅವಸರ. ಆಸೆಯಾದರೆ ಕತ್ತು ಉದ್ದ, ಸಿಟ್ಟು ಬಂದರೆ ಚಿಪ್ಪಿನೊಳಗೆ.

ಮರುಕಳಿಸುವ ಮಾತಿಗೆ "ತಾಳಿದವನು ಬಾಳಿಯಾನು" ಇಟ್ಟಿದ್ದೆ. ಅಂಗನವಾಡಿಯಲ್ಲಿ ಹದಿನಾಲ್ಕೋ ಹದಿನೈದೋ ಮಕ್ಕಳಿಗೆ ಓದಿದೆ. ಒಬ್ಬರೂ ಬಾಯಿ ಬಿಡಲಿಲ್ಲ. ಹೊಸದು ಹೀಗಾಯಿತು:

ದೃಶ್ಯ 4. ಕಾಯಿ ಹಸಿರು. ಆಮೆ ಕತ್ತು ಚಾಚುತ್ತದೆ.
ಆಮೆ: ಆಯ್ತಾ?
ಮರ: ಇನ್ನೂ ಇಲ್ಲ.
ಕತ್ತು ಒಳಗೆ. 3 ಸೆಕೆಂಡ್ ಎಲ್ಲ ಸ್ತಬ್ಧ. ಇರುವೆ ಮಾತ್ರ ನಡೆಯುತ್ತದೆ.

ನೇರಳೆಯನ್ನೇ ಆರಿಸಿದ್ದು ಬಣ್ಣಕ್ಕಾಗಿ. ಹಸಿರು, ನಸುಗೆಂಪು, ಕೊನೆಗೆ ಕಪ್ಪು ನೇರಳೆ. ಎಷ್ಟು ದಿನ ಕಳೆಯಿತು ಎಂದು ಯಾರೂ ಹೇಳಬೇಕಿಲ್ಲ. ನಸುಗೆಂಪಿನ ಹೊತ್ತಿಗೆ ಆಮೆ ಮರಕ್ಕೆ ಗುದ್ದಿ ಒಂದು ಕಾಯಿ ಬೀಳಿಸಿ ಕಚ್ಚುತ್ತದೆ. ಒಗರಿಗೆ ಅದರ ಮುಖ ಕಿವುಚಿಕೊಂಡಾಗ ಮಕ್ಕಳು ಬಿದ್ದು ಬಿದ್ದು ನಕ್ಕರು.

ಆ ಇರುವೆಯೇ ನನ್ನ ಗೆಲುವು. ಚಿತ್ರ ಪೂರ್ತಿ ನಿಂತರೆ ಮಕ್ಕಳು ಅತ್ತಿತ್ತ ತಿರುಗುತ್ತಾರೆ. ಒಂದೇ ಒಂದು ಚುಕ್ಕೆ ಅಲುಗಿದರೂ ಕಣ್ಣು ಅಲ್ಲೇ ಇರುತ್ತದೆ. ಅನಿಮ್ಯಾಟಿಕ್‌ನಲ್ಲಿ, ಅಂದರೆ ಕಚ್ಚಾ ಚಿತ್ರಗಳನ್ನು ಜೋಡಿಸಿದ ವಿಡಿಯೊದಲ್ಲಿ, ನೋಡಿದ ಮೇಲೆ ನಿರ್ಮಾಪಕರು ಸುಮ್ಮನಾದರು. ಇರುವೆ ಯಾವ ಕ್ಷಣದಲ್ಲಿ ನಿಲ್ಲಬೇಕು ಅನ್ನೋದನ್ನು ಮಾತ್ರ ನಾನು ಇಲ್ಲಿ ಹೇಳಲ್ಲ.

ದುಡ್ಡಿನ ಲೆಕ್ಕವೂ ಸ್ಕ್ರಿಪ್ಟ್‌ನಲ್ಲೇ ಇರಬೇಕು. ಆಮೆ ಯಾವಾಗಲೂ ಎಡದಿಂದ ಬಲಕ್ಕೇ ನಡೆಯುತ್ತದೆ ಎಂದು ಬರೆದೆ. ಒಂದೇ ವಾಕ್ ಸೈಕಲ್, ಅಂದರೆ ಒಮ್ಮೆ ಬರೆದ ನಡಿಗೆಯ ಚಿತ್ರಗಳ ಸರಣಿ, ಏಳೆಂಟು ಕಡೆ ಬಳಕೆಯಾಯಿತು. ನಮ್ಮದು ನಕ್ಷತ್ರ ಆಮೆ. ಅದರ ಚಿಪ್ಪಿನ ಗೆರೆಗಳನ್ನೆಲ್ಲ ಪ್ರತಿ ಫ್ರೇಮ್‌ಗೂ ಬರೆದರೆ ಕೈ ಬಿದ್ದುಹೋಗುತ್ತದೆ, ಅದಕ್ಕೆ ದೊಡ್ಡ ಮೂರೇ ನಕ್ಷತ್ರ ಉಳಿಸಿದೆವು. ನನ್ನ ಅಂದಾಜಿನಲ್ಲಿ ಮೂರನೇ ಒಂದು ಭಾಗ ಖರ್ಚು ತಗ್ಗಿತು.

ನಡುವೆ ಧಾರವಾಡದ ಮಕ್ಕಳಿಗೆ "ಆಯ್ತಾ?" ಅನ್ನು "ಆತೇನು?" ಎಂದು ಬದಲಿಸಿ ನೋಡಿದೆ. ಆಮೆಯ ಬಾಯಿ ಬರೀ ತೆರೆದು ಮುಚ್ಚುವುದರಿಂದ ತುಟಿ ಹೊಂದಿಸುವ ಕಷ್ಟವೇ ಬರಲಿಲ್ಲ. ಅಲ್ಲಿನ ಮಕ್ಕಳು ಆ ಮಾತನ್ನು ಅಂಗನವಾಡಿಯವರಿಗಿಂತ ಜೋರಾಗಿ ಕೂಗಿದರು.

ಕೊನೆಯ ಸಲ ಆಮೆ ಕೇಳುವುದೇ ಇಲ್ಲ. ಕತ್ತು ಮಡಚಿ ಕೂತಿರುತ್ತದೆ. ಅಂಗನವಾಡಿಯ ಮಕ್ಕಳೇ "ಆಯ್ತಾ?" ಎಂದು ಕೂಗಿದರು. ಮರ ಮಾತಾಡಲಿಲ್ಲ. ಟಪ್ ಎಂದು ಹಣ್ಣು ಬಿತ್ತು. ಆಮೆ ತಿಂದು ನಾಲಿಗೆ ಹೊರಗೆ ಹಾಕಿತು, ಪೂರಾ ನೇರಳೆ ಬಣ್ಣ. ಮುಂದೆ ಕೂತಿದ್ದ ಪುಟ್ಟಿ ತನ್ನ ನಾಲಿಗೆಯನ್ನೂ ಚಾಚಿ ನೋಡಿಕೊಂಡಳು.