ಹೊಂಡ ಒಂದಕ್ಕೆ 40,000 ರೂಪಾಯಿ ಎಲ್ಲಿಂದ ಬಂತು?

ಗದಗ ಜಿಲ್ಲೆಯ ನಾಲ್ಕು ಹಳ್ಳಿಗಳಲ್ಲಿ 25 ಕೃಷಿ ಹೊಂಡ ತೋಡಿಸುವ ಯೋಜನೆಗೆ ನಾನು ಪ್ರಸ್ತಾವನೆ ಬರೆದಿದ್ದೆ. ಬಜೆಟ್‌ನಲ್ಲಿ ದೊಡ್ಡ ಸಾಲು ಒಂದೇ. ಕೃಷಿ ಹೊಂಡ, 25, ತಲಾ 40,000, ಒಟ್ಟು 10,00,000. ಪಕ್ಕದ ವಿವರಣೆಯ ಕಾಲಂನಲ್ಲಿ 'ಮಾರುಕಟ್ಟೆ ದರದಂತೆ' ಎಂದು ಬರೆದಿದ್ದೆ.

ಹತ್ತು ದಿನ ಬಿಟ್ಟು ಹಣ ಕೊಡುವ ಸಂಸ್ಥೆಯವರು ಫೋನ್ ಮಾಡಿದರು. "ಸರ್, ಈ 40,000 ಎಲ್ಲಿಂದ ಬಂತು? ಹೊಂಡದ ಅಳತೆ ಎಷ್ಟು?" ಎಂದು ಕೇಳಿದರು. ಅಳತೆ ನನಗೆ ಗೊತ್ತಿತ್ತು. ಆ ಅಳತೆಯಿಂದ 40,000ಕ್ಕೆ ಹೋಗುವ ದಾರಿ ಮಾತ್ರ ನನ್ನ ಹತ್ತಿರ ಇರಲಿಲ್ಲ. ಹಿಂದಿನ ಯೋಜನೆಯಲ್ಲಿ 38,000 ಇತ್ತು, ಎರಡು ಸಾವಿರ ಸೇರಿಸಿದ್ದೆ, ಅಷ್ಟೇ. ಪ್ರಸ್ತಾವನೆ ವಾಪಸ್ ಬಂತು. ತಿದ್ದಿ ಕಳಿಸಲು ಮೂರು ವಾರ ಸಮಯ ಕೊಟ್ಟರು. ಆ ಮೂರು ವಾರದಲ್ಲಿ ಈ ಒಂದು ಸಾಲನ್ನು ಹೇಗೆ ಬಿಡಿಸಿದೆ ಅನ್ನೋದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಹೋಗಿದ್ದು ಜೆಸಿಬಿ ಮಾಲೀಕರ ಹತ್ತಿರ. ಹಿಂದಿನ ವರ್ಷ ನಮ್ಮ ಹೊಂಡಗಳನ್ನು ತೋಡಿದವರು ಅವರೇ. ಒಂದು ಹೊಂಡಕ್ಕೆ ಎಷ್ಟು ತಾಸು ಹಿಡಿಯುತ್ತದೆ ಎಂದು ಕೇಳಿದೆ. "ಯಾವ ನೆಲದಾಗ್ರಿ ಸರ?" ಎಂದರು. "ಎರಿ ಹೊಲದಾಗ ಹತ್ತು, ಹತ್ತೂವರಿ ತಾಸಿನ್ಯಾಗ ಮುಗಿತೈತ್ರಿ. ಮಸಾರಿ ನೆಲದಾಗ ಕೆಳಗ ಗರಸು ಹತ್ತತೈತಿ, ಅಲ್ಲಿ ಹದಿನೆಂಟು ತಾಸೂ ಆಗ್ತೈತ್ರಿ."

ನನ್ನ ಸಾಲು ಎಲ್ಲಿ ತಪ್ಪಿತ್ತು ಎಂದು ಆಗ ಗೊತ್ತಾಯಿತು. ನಮ್ಮ ನಾಲ್ಕು ಹಳ್ಳಿಗಳಲ್ಲಿ ಎರಡರದ್ದು ಕಪ್ಪು ಎರೆ ಮಣ್ಣು, ಎರಡರದ್ದು ಕೆಂಪು ಮಸಾರಿ. ಎರೆ ಮಣ್ಣು ನೀರು ಹಿಡಿದಿಡುತ್ತದೆ, ಹೊಂಡಕ್ಕೆ ಪ್ಲಾಸ್ಟಿಕ್ ಹಾಳೆ ಬೇಕಾಗಲ್ಲ. ಆದರೆ ಒಣಗಿದಾಗ ಬಿರುಕು ಬಿಟ್ಟು ಅಂಚು ಕುಸಿಯುತ್ತದೆ, ಅದಕ್ಕೆ ಬದಿಯ ಇಳಿಜಾರು ಜಾಸ್ತಿ ಬೇಕು. ಮಸಾರಿಯಲ್ಲಿ ಬದಿ ಗಟ್ಟಿಯಾಗಿ ನಿಲ್ಲುತ್ತದೆ, ಆದರೆ ನೀರು ಇಂಗಿ ಹೋಗುತ್ತದೆ. ಅಲ್ಲಿ ಹಾಳೆ ಹಾಸದಿದ್ದರೆ ಮಳೆ ನಿಂತ ಕೆಲವೇ ವಾರಗಳಲ್ಲಿ ಹೊಂಡ ಬರಿದು. ಅಂದರೆ ಇವು ಎರಡು ಬೇರೆ ಬೇರೆ ಕೆಲಸ, ಎರಡು ಬೇರೆ ಬೇರೆ ಖರ್ಚು. ಎರಡನ್ನೂ ಕಲಸಿ ಒಂದು ಸರಾಸರಿ ಬರೆದರೆ ಯಾರೂ ಅದನ್ನು ಪರಿಶೀಲಿಸೋಕೆ ಆಗಲ್ಲ. ಒಂದು ಸಾಲನ್ನು ಎರಡು ಮಾಡಿದೆ. ಎರೆ ಹೊಲದಲ್ಲಿ 15 ಹೊಂಡ, ಮಸಾರಿಯಲ್ಲಿ 10. ರೈತರ ಪಟ್ಟಿಯಲ್ಲಿ ಸರ್ವೆ ನಂಬರ್ ಪಕ್ಕ ಮಣ್ಣಿನ ಬಗೆಯನ್ನೂ ಬರೆದೆ. ಹಾಗಾಗಿ 15 ಮತ್ತು 10 ಅನ್ನೋ ಸಂಖ್ಯೆಗಳನ್ನು ಪಟ್ಟಿಯಲ್ಲೇ ಎಣಿಸಿ ನೋಡಬಹುದು.

ಮುಂದಿನದು ಮಣ್ಣಿನ ಲೆಕ್ಕ. ಎರಡೂ ಬಗೆಯ ಹೊಂಡದ ಬಾಯಿ 12 ಮೀಟರ್‌ಗೆ 12 ಮೀಟರ್, ಆಳ 3 ಮೀಟರ್. ಮಸಾರಿಯಲ್ಲಿ ಒಂದು ಮೀಟರ್ ಆಳಕ್ಕೆ ಒಂದು ಮೀಟರ್ ಒಳಗೆ ಬರುವ ಇಳಿಜಾರು, ಹಾಗಾಗಿ ತಳ 6 ಮೀಟರ್‌ಗೆ 6. ಎರೆಯಲ್ಲಿ ಮೀಟರ್‌ಗೆ ಒಂದೂವರೆ ಮೀಟರ್ ಇಳಿಜಾರು, ತಳ 3 ಮೀಟರ್‌ಗೆ 3. ಬಾಯಿಯ ಮತ್ತು ತಳದ ವಿಸ್ತೀರ್ಣ ಕೂಡಿಸಿ ಎರಡರಿಂದ ಭಾಗಿಸಿ ಆಳದಿಂದ ಗುಣಿಸುವುದು ಹಲವರ ರೂಢಿ. ಮಸಾರಿ ಹೊಂಡಕ್ಕೆ ಹಾಗೆ ಮಾಡಿದರೆ 270 ಘನ ಮೀಟರ್ ಬರುತ್ತದೆ. ನಡುಮಟ್ಟದ ವಿಸ್ತೀರ್ಣವನ್ನೂ ಹಿಡಿದು ಸರಿಯಾಗಿ ಲೆಕ್ಕ ಹಾಕಿದರೆ 252 ಮಾತ್ರ. ಒಂದು ಹೊಂಡಕ್ಕೆ 18 ಘನ ಮೀಟರ್ ಅಂದರೆ ಒಂದು ತಾಸಿಗಿಂತ ಜಾಸ್ತಿ ಜೆಸಿಬಿ ಬಾಡಿಗೆ. ಹಣ ಕೊಡುವವರ ಕಡೆ ಇಂಜಿನಿಯರ್ ಇದ್ದರೆ ಮೊದಲು ಹಿಡಿಯುವುದೇ ಇದನ್ನು. ಅದಕ್ಕೇ ಗುಣಾಕಾರವನ್ನೆಲ್ಲ ಬಿಡಿಸಿ ಬರೆದೆ. ಮೊದಲಿನದು ಮಸಾರಿ, ಎರಡನೆಯದು ಎರೆ:

```
(144 + 4×81 + 36) ÷ 6 × 3 = 252
(144 + 4×56.25 + 9) ÷ 6 × 3 = 189
```

ಇನ್ನು ತಾಸಿಗೆ ಎಷ್ಟು ಮಣ್ಣು ಏಳುತ್ತದೆ? ಇದನ್ನು ಯಾವ ಪುಸ್ತಕದಿಂದಲೂ ತೆಗೆದುಕೊಳ್ಳಲಿಲ್ಲ. ಹಿಂದಿನ ವರ್ಷದ ಲಾಗ್‌ಬುಕ್ ತೆರೆದೆ. ಜೆಸಿಬಿಯ ಮೀಟರ್ ಶುರುವಿನಲ್ಲಿ ಎಷ್ಟಿತ್ತು, ಮುಗಿದಾಗ ಎಷ್ಟಿತ್ತು ಎಂದು ನಮ್ಮ ಹುಡುಗ ಪ್ರತಿ ಹೊಂಡಕ್ಕೂ ಬರೆದು ರೈತರ ಸಹಿ ಹಾಕಿಸಿದ್ದ. ಅಳತೆ ಪುಸ್ತಕದ ಘನ ಮೀಟರ್‌ಗಳನ್ನು ಆ ತಾಸುಗಳಿಂದ ಭಾಗಿಸಿದೆ. ಮಣ್ಣು ತೆಗೆದು ಒಡ್ಡಿಗೆ ಹಾಕುವುದೂ ಸೇರಿ ಎರೆಯಲ್ಲಿ ತಾಸಿಗೆ 18, ಮಸಾರಿಯಲ್ಲಿ 14 ಬಂತು. 189ನ್ನು 18ರಿಂದ ಭಾಗಿಸಿದರೆ ಹತ್ತೂವರೆ ತಾಸು, 252ನ್ನು 14ರಿಂದ ಭಾಗಿಸಿದರೆ 18 ತಾಸು. ಜೆಸಿಬಿ ಮಾಲೀಕರು ಬಾಯಲ್ಲಿ ಹೇಳಿದ್ದೂ ಅದೇ ಅಲ್ವಾ. ಲಾಗ್‌ಬುಕ್‌ನ ಆ ಪುಟಗಳ ಪ್ರತಿಯನ್ನು ಲಗತ್ತಿಸಿದೆ.

ದರದ ಕಾಗದ ಸಿಗುವುದೇ ಕಷ್ಟದ ಕೆಲಸ. ಮೂರು ಕೊಟೇಶನ್ ಕೊಡಿ ಎಂದು ಎಲ್ಲರೂ ಕೇಳುತ್ತಾರೆ, ಆದರೆ ಒಂದೇ ಜೆಸಿಬಿ ಇಟ್ಟುಕೊಂಡವರ ಹತ್ತಿರ ಲೆಟರ್‌ಹೆಡ್ ಎಲ್ಲಿಂದ ಬರಬೇಕು? ಮೂವರು ಮಾಲೀಕರಿಂದ ಬಿಳಿ ಹಾಳೆಯ ಮೇಲೆ ಬರೆಸಿಕೊಂಡೆ. ತಾಸಿಗೆ ಎಷ್ಟು, ಅದರಲ್ಲಿ ಡೀಸೆಲ್ ಮತ್ತು ಚಾಲಕರ ಕೂಲಿ ಸೇರಿದೆಯೇ, ತೆರಿಗೆ ಇದೆಯೇ, ಈ ದರ ಯಾವ ತಾರೀಕಿನವರೆಗೆ, ಗಾಡಿ ನಂಬರ್, ಸಹಿ. 'ಯಾವ ತಾರೀಕಿನವರೆಗೆ' ಅನ್ನೋದು ಮುಖ್ಯ. ಮಳೆಗಾಲ ಹತ್ತಿರ ಬಂದಂತೆ ಎಲ್ಲರಿಗೂ ಜೆಸಿಬಿ ಬೇಕು, ದರ ಏರುತ್ತದೆ. ನಾವು ಕೆಲಸವನ್ನು ಫೆಬ್ರವರಿ ಮತ್ತು ಮಾರ್ಚ್‌ಗೆ ಇಟ್ಟುಕೊಂಡಿದ್ದೆವು, ದರವನ್ನೂ ಮಾರ್ಚ್ ಕೊನೆಯವರೆಗೆ ಬರೆಸಿದೆ. ಮೂರರಲ್ಲಿ ಕಡಿಮೆಯದು ಎಲ್ಲ ಸೇರಿ 1,200 ರೂಪಾಯಿ. ಅದನ್ನೇ ಹಿಡಿದೆ.

ಪ್ಲಾಸ್ಟಿಕ್ ಹಾಳೆಯ ಲೆಕ್ಕದಲ್ಲಿ ನಾನು ಇನ್ನೊಂದು ದೊಡ್ಡ ತಪ್ಪು ಮಾಡಿದ್ದೆ. ಬಾಯಿ 12ಕ್ಕೆ 12, ಹಾಗಾಗಿ ಹಾಳೆ 144 ಚದರ ಮೀಟರ್ ಎಂದು ತಿದ್ದುವಾಗ ಮೊದಲು ಬರೆದಿದ್ದೆ. ಆದರೆ ಹಾಳೆ ಬದಿಗುಂಟ ಇಳಿದು, ತಳ ದಾಟಿ, ಆ ಕಡೆ ಏರಬೇಕು. 3 ಮೀಟರ್ ಆಳದ ಈ ಇಳಿಜಾರಿನ ಉದ್ದ 4.24 ಮೀಟರ್. ಎರಡು ಬದಿ ಮತ್ತು 6 ಮೀಟರ್ ತಳ ಕೂಡಿದರೆ 14.48. ಅಂಚಿನಲ್ಲಿ ಕಾಲುವೆ ತೆಗೆದು ಹಾಳೆಯನ್ನು ಮಣ್ಣಲ್ಲಿ ಹೂತು ಕೂರಿಸಲು ಪ್ರತಿ ಕಡೆ ಒಂದೊಂದು ಮೀಟರ್ ಬೇಕು. ಒಟ್ಟು 16.48, ಅಂದರೆ 16.5 ಮೀಟರ್. 16.5ಕ್ಕೆ 16.5 ಅಂದರೆ 272.25 ಚದರ ಮೀಟರ್. ನಾನು ಬರೆದಿದ್ದಕ್ಕಿಂತ ಹತ್ತಿರಹತ್ತಿರ ಎರಡು ಪಟ್ಟು! ಆ ಹಳೇ ಲೆಕ್ಕದಲ್ಲೇ ಮಂಜೂರಾಗಿದ್ದರೆ ಹತ್ತು ಹೊಂಡಗಳಲ್ಲಿ ಐದಕ್ಕೆ ಮಾತ್ರ ಹಾಳೆ ಸಾಲುತ್ತಿತ್ತು. 500 ಮೈಕ್ರಾನ್ ಹಾಳೆಗೆ ತೆರಿಗೆ ಮತ್ತು ಹಾಸುವ ಕೂಲಿ ಸೇರಿ ಚದರ ಮೀಟರ್‌ಗೆ 95 ರೂಪಾಯಿಯ ಕೊಟೇಶನ್ ಸಿಕ್ಕಿತು.

ನೀರು ಒಳಗೆ ಬರುವ ಮತ್ತು ಹೆಚ್ಚಾದದ್ದು ಹೊರಗೆ ಹೋಗುವ ಬಾಯಿಗಳಿಗೆ ಕಲ್ಲು ಕಟ್ಟಿಸಬೇಕು. ಕಲ್ಲು ಒಂದು ಟ್ರಾಕ್ಟರ್ ಲೋಡು 2,500, ಗೌಂಡಿ ಎರಡು ದಿನಕ್ಕೆ 2,000, ಒಟ್ಟು 4,500. ಎಲ್ಲ ಕೂಡಿಸಿದಾಗ ಎರೆ ಹೊಲದ ಹೊಂಡಕ್ಕೆ 17,100, ಮಸಾರಿಯ ಹೊಂಡಕ್ಕೆ 51,964. ಹದಿನೈದಕ್ಕೆ 2,56,500, ಹತ್ತಕ್ಕೆ 5,19,640, ಒಟ್ಟು 7,76,140. ಮೊದಲು ಬರೆದಿದ್ದ ಹತ್ತು ಲಕ್ಷಕ್ಕಿಂತ ಎರಡು ಲಕ್ಷಕ್ಕೂ ಮೀರಿ ಕಡಿಮೆ. ಆದರೂ 40,000 ಅನ್ನೋ ದರ ಮಸಾರಿ ಹೊಂಡಕ್ಕೆ ಸಾಲುತ್ತಲೇ ಇರಲಿಲ್ಲ.

ರೈತರ ಪಾಲನ್ನು ಬೇರೆ ಕಾಲಂನಲ್ಲಿ ಇಟ್ಟೆ. ಒಡ್ಡು ಸರಿಮಾಡಿ ಸುತ್ತ ಮುಳ್ಳುಬೇಲಿ ಹಾಕಲು ಹೊಂಡಕ್ಕೆ ಆರು ಆಳು. ದನಕರು, ಮಕ್ಕಳು ಬೀಳದ ಹಾಗೆ ಈ ಬೇಲಿ ಆಗಲೇಬೇಕು. 2025-26ರಲ್ಲಿ ಕರ್ನಾಟಕದ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ ಇತ್ತು, ಹೊಂಡಕ್ಕೆ 2,220 ಆಯಿತು. ರೈತರ ದುಡಿಮೆಗೆ ಸುಮ್ನೆ ಒಂದು ಬೆಲೆ ಕಟ್ಟುವ ಬದಲು ಎಲ್ಲರೂ ನೋಡಬಹುದಾದ ಸರ್ಕಾರಿ ದರ ಹಿಡಿದರೆ ಪ್ರಶ್ನೆ ಏಳುವುದಿಲ್ಲ.

ಕ್ಷೇತ್ರ ಸಂಯೋಜಕರ ಸಂಬಳದ ಬಗ್ಗೆಯೂ ಒಂದು ಮಾತು. ಅದನ್ನು ಆಡಳಿತ ವೆಚ್ಚದಲ್ಲಿ ಸೇರಿಸಿ, ಕಂಪನಿಯ ಸಾಮಾಜಿಕ ಹೊಣೆಗಾರಿಕೆಯ ಸಿಎಸ್‌ಆರ್ ಹಣದಲ್ಲಿ ಶೇ. 5ರ ಮಿತಿ ಇದೆ ಎಂದು ಹೆದರಿ ಕಡಿಮೆ ಬರೆದಿದ್ದೆ. ನಿಯಮದಲ್ಲಿರುವ ಆ ಶೇ. 5 ಕಂಪನಿಯ ಇಡೀ ವರ್ಷದ ಸಿಎಸ್‌ಆರ್ ಖರ್ಚಿಗೆ ಸಂಬಂಧಿಸಿದ್ದು. ಒಂದು ಯೋಜನೆಯನ್ನು ನೇರವಾಗಿ ನಡೆಸುವ, ಅದರ ಮೇಲೆ ನಿಗಾ ಇಡುವ ಖರ್ಚು ಅದರೊಳಗೆ ಬರುವುದಿಲ್ಲ. ಹೊಂಡದ ಅಳತೆ ತೆಗೆದು ಲಾಗ್‌ಬುಕ್ ಬರೆಯುವವರ ಸಂಬಳ ಯೋಜನೆಯದ್ದೇ ಖರ್ಚು. ಕಂಪನಿ ತನ್ನದೇ ಬೇರೆ ಮಿತಿ ಇಟ್ಟಿದ್ದರೆ ಮಾತು ಬೇರೆ, ಅದನ್ನು ಮೊದಲೇ ಕೇಳಿಕೊಳ್ಳಬೇಕು.

ಕಳಿಸುವ ಹಿಂದಿನ ದಿನ ನಮ್ಮ ಆಫೀಸಿನ ಲೆಕ್ಕದ ಅಕ್ಕನವರಿಗೆ ವಿವರಣೆಯ ಪ್ರಿಂಟ್, ಕಂಪ್ಯೂಟರಿನ ಬಜೆಟ್ ಶೀಟ್ ಮತ್ತು ಕ್ಯಾಲ್ಕುಲೇಟರ್ ಕೊಟ್ಟೆ. ಅವರಿಗೆ ಹೊಂಡದ ಕೆಲಸ ಗೊತ್ತಿಲ್ಲ, ನಾನೂ ಏನೂ ಹೇಳಿಕೊಡಲಿಲ್ಲ. ಅರ್ಧ ತಾಸಿನಲ್ಲಿ ಬಂದು, "ಸರ್, ಮಸಾರಿ ಸಾಲು ಕಾಗದದ ಮೇಲೆ 5,19,640 ಐತಿ, ಶೀಟ್‌ನ್ಯಾಗ 5,19,638 ತೋರಸ್ತದ" ಎಂದರು. ಹಾಳೆಯ ಖರ್ಚು 25,863.75. ಪರದೆಯ ಮೇಲೆ 25,864 ಕಾಣುತ್ತಿತ್ತು, ಒಳಗೆ ಪೈಸೆ ಹಾಗೇ ಉಳಿದು ಹತ್ತರಿಂದ ಗುಣವಾಗಿತ್ತು. ಎರಡು ರೂಪಾಯಿ ದೊಡ್ಡದಲ್ಲ. ಆದರೆ ಒಂದು ಕಡೆ ಲೆಕ್ಕ ಕೂಡದಿದ್ದರೆ ನೋಡುವವರು ಉಳಿದ ಸಾಲುಗಳನ್ನೂ ನಂಬುವುದಿಲ್ಲ. ಪ್ರತಿ ಗುಣಾಕಾರಕ್ಕೂ ಹೀಗೆ ಹಾಕಿದೆ:

```
=ROUND(C7*D7,0)
```

ಆಮೇಲೆ ಅವರು ಇನ್ನೊಂದು ಕೇಳಿದರು. "ಜೆಸಿಬಿ ಹಳ್ಳಿಗೆ ಹೋಗಾಕ ಬಾಡಿಗಿ ಇಲ್ಲೇನ್ರಿ?" ನಾನು ಬರೆದೇ ಇರಲಿಲ್ಲ. ಮಾಲೀಕರಿಗೆ ಫೋನ್ ಮಾಡಿದೆ. ಒಂದು ಹಳ್ಳಿಗೆ ತರಲು 1,500, ಆದರೆ ಆ ಹಳ್ಳಿಯ ಹೊಂಡಗಳನ್ನೆಲ್ಲ ಒಂದೇ ಸಲಕ್ಕೆ ಮುಗಿಸಿದರೆ ಮಾತ್ರ ಎಂದರು. ಕೆಲಸದ ವೇಳಾಪಟ್ಟಿಯನ್ನು ಹಳ್ಳಿವಾರು ಬದಲಿಸಿ, ನಾಲ್ಕು ಹಳ್ಳಿಗೆ 6,000 ಎಂದು ಹೊಸ ಸಾಲು ಸೇರಿಸಿದೆ. ಒಟ್ಟು 7,82,140 ಆಯಿತು. ಅಕ್ಕನವರು ಇನ್ನೊಮ್ಮೆ ಮೊದಲಿಂದ ಕೂಡಿಸಿ ನೋಡಿದರು, ಈ ಸಲ ಕಾಗದವೂ ಶೀಟೂ ಒಂದೇ ಬಂತು. ಸಂಜೆ ಕಳಿಸಿದೆವು.