ಬಣ್ಣ ಪಕ್ಕದ ಬಟ್ಟೆಗೆ ಹತ್ತಿದ ಮೇಲೆ ನಾನು ಕಟ್ಟಿಕೊಂಡ ಟೆಸ್ಟ್

ಒಂದು ಆರ್ಡರಿನಲ್ಲಿ ಸುಮಾರು ನಲವತ್ತು ಪೀಸ್ ವಾಪಸ್ ಬಂದವು. ಗಾಢ ಮರೂನ್ ಪಾಲಿಯೆಸ್ಟರ್ ಮೇಲ್ಬಟ್ಟೆ, ಒಳಗೆ ಬಿಳಿ ನೈಲಾನ್ ಲೈನಿಂಗ್. ಕಂಕುಳ ಹತ್ತಿರ ಬಿಳಿ ಲೈನಿಂಗ್ ಗುಲಾಬಿ ಆಗಿತ್ತು. ಕೆಲವು ಪೀಸುಗಳಲ್ಲಿ ಒಂದೇ ಒಗೆತಕ್ಕೆ ಲೈನಿಂಗ್ ಪೂರ್ತಿ ಬಣ್ಣ ಹೀರಿಕೊಂಡಿತ್ತು. ಲೈನಿಂಗ್ ಬಿಚ್ಚಿ ಹೊಸದು ಹಾಕುವಷ್ಟರಲ್ಲಿ ಹೆಚ್ಚೂಕಡಿಮೆ ಎರಡು ತಿಂಗಳ ಹೊಲಿಗೆ ಕೂಲಿ ಹೋಯಿತು.

ಬಟ್ಟೆ ತಗೊಳ್ಳುವಾಗ ವ್ಯಾಪಾರಿ "ವಾಶ್ 4-5 ಇದೆ, ಕಣ್ಣು ಮುಚ್ಚಿ ಹೊಲಿಯಿರಿ" ಅಂದಿದ್ದರು. ಅವರು ಸುಳ್ಳು ಹೇಳಿರಲಿಲ್ಲ. ಒಗೆತದ ಟೆಸ್ಟಿನಲ್ಲಿ 4-5 ಅಂಕ ಕೊಟ್ಟ ಲ್ಯಾಬ್ ರಿಪೋರ್ಟ್ ನಿಜವಾಗಿಯೂ ಇತ್ತು. ಅದನ್ನು ಪೂರ್ತಿ ಓದದೆ ಇದ್ದದ್ದು ನಮ್ಮಿಬ್ಬರ ತಪ್ಪು.

ಆ ರಿಪೋರ್ಟನ್ನು ಆಮೇಲೆ ಸಾಲು ಸಾಲಾಗಿ ಓದಿದೆ. 4-5 ಅಂತ ಇದ್ದದ್ದು ಬಟ್ಟೆಯ ಸ್ವಂತ ಬಣ್ಣ ಎಷ್ಟು ಮಾಸಿತು ಅನ್ನುವ ಸಾಲಿನಲ್ಲಿ. ಕೆಳಗೆ ಇನ್ನೊಂದು ಸಾಲು ಇತ್ತು, ಪಕ್ಕದ ಬಟ್ಟೆಗೆ ಎಷ್ಟು ಬಣ್ಣ ಹತ್ತಿತು ಅನ್ನುವುದು. ಲ್ಯಾಬಿನವರು ಸ್ಯಾಂಪಲ್ ಜೊತೆ ಆರು ನಾರುಗಳ ಒಂದು ಬಿಳಿ ಪಟ್ಟಿ ಹೊಲಿದು ಒಗೆಯುತ್ತಾರೆ: ಅಸಿಟೇಟ್, ಕಾಟನ್, ನೈಲಾನ್, ಪಾಲಿಯೆಸ್ಟರ್, ಅಕ್ರಿಲಿಕ್, ಉಣ್ಣೆ. ಕಾಟನ್ ಎದುರಿಗೆ 4-5 ಇತ್ತು. ನೈಲಾನ್ ಎದುರಿಗೆ 2-3. ನನ್ನ ಲೈನಿಂಗ್ ನೈಲಾನ್. ಉತ್ತರ ಮೊದಲೇ ಕಾಗದದ ಮೇಲಿತ್ತು, ಅಲ್ವಾ?

ಇಲ್ಲೇ ಇನ್ನೊಂದು ಮಾತು. 4-5 ಅಂದರೆ "4ರಿಂದ 5ರವರೆಗೆ ಏನಾದರೂ ಆಗಬಹುದು" ಅಂತ ತುಂಬ ಜನ ಅಂದುಕೊಳ್ಳುತ್ತಾರೆ. ಅದು ಒಂದೇ ಅಂಕ, ಎರಡರ ನಡುವಿನ ಅರ್ಧ ಮೆಟ್ಟಿಲು. 5 ಅಂದರೆ ಏನೂ ಹತ್ತಿಲ್ಲ, 1 ಅಂದರೆ ಕೆಟ್ಟದಾಗಿ ಹತ್ತಿದೆ. ಅರ್ಧ ಮೆಟ್ಟಿಲುಗಳೂ ಸೇರಿ ಒಟ್ಟು ಒಂಬತ್ತು. ಬಿಸಿಲಿನ ಟೆಸ್ಟಿಗೆ ಮಾತ್ರ 1ರಿಂದ 8ರ ಅಳತೆ ಬಳಸುತ್ತಾರೆ. ಅಲ್ಲಿ 5 ಅಂದರೆ ನಡುಮಟ್ಟ. ಎರಡನ್ನೂ ಬೆರೆಸಬೇಡಿ.

ಪಾಲಿಯೆಸ್ಟರಿನ ಡಿಸ್ಪರ್ಸ್ ಬಣ್ಣಕ್ಕೆ ಕಾಟನ್ ಮೇಲೆ ಅಷ್ಟು ಆಸೆ ಇಲ್ಲ. ನೈಲಾನ್, ಅಸಿಟೇಟ್ ಸಿಕ್ಕರೆ ಹೋಗಿ ಕೂತುಬಿಡುತ್ತದೆ. ಹಾಗಾಗಿ ಕಾಟನ್ ಕರವಸ್ತ್ರ ಒದ್ದೆ ಮಾಡಿ ಪಾಲಿಯೆಸ್ಟರ್ ಮೇಲೆ ಉಜ್ಜಿ "ಬಣ್ಣ ಬಿಡಲ್ಲ" ಅನ್ನುವುದು ಅರ್ಧ ಪರೀಕ್ಷೆ ಮಾತ್ರ. ನಾನು ಇಪ್ಪತ್ತು ವರ್ಷ ಮಾಡಿದ್ದೂ ಅದನ್ನೇ. ಈಗ ನನ್ನ ನಿಯಮ ಒಂದೇ: ಯಾವ ಬಟ್ಟೆ ಪಕ್ಕದಲ್ಲಿ ಹೊಲಿಯುತ್ತೇನೋ, ಅದೇ ಬಟ್ಟೆಯ ಚೂರಿನ ಜೊತೆ ಟೆಸ್ಟ್ ಮಾಡುತ್ತೇನೆ.

ಪ್ರತಿ ಥಾನನ್ನೂ ಲ್ಯಾಬಿಗೆ ಕಳಿಸುವ ದುಡ್ಡು ನಮ್ಮಂಥವರಿಗೆ ಇಲ್ಲ. ಅಂಗಡಿಯಲ್ಲೇ ಮಾಡಿಕೊಳ್ಳುತ್ತೇನೆ ಅಂದಾಗ ಪರಿಚಯದ ವ್ಯಾಪಾರಿಯೊಬ್ಬರು "ಅದೆಲ್ಲ ಮೆಷಿನ್ ಕೆಲಸ, ಸುಮ್ನೆ ಟೈಮ್ ಹಾಳು" ಅಂದರು. ಮೊದಲ ಮೂರು ತಿಂಗಳು ಅವರ ಮಾತೇ ನಿಜ ಅನ್ನಿಸುವಂತಿತ್ತು.

ಉಜ್ಜುವ ಟೆಸ್ಟಿನಲ್ಲಿ ಬೆರಳು ಬಳಸಿದ್ದೇ ಮೊದಲ ಸೋಲು. ಬೆಳಿಗ್ಗೆ ಉಜ್ಜಿದರೆ 4, ಸಂಜೆ ಕೈ ಸೋತಾಗ ಉಜ್ಜಿದರೆ ಅದೇ ಬಟ್ಟೆಗೆ ಇನ್ನೊಂದು ಅಂಕ. ಲ್ಯಾಬಿನಲ್ಲಿ ಉಜ್ಜಲು ಬಳಸುವ ಕ್ರಾಕ್‌ಮೀಟರ್ ಎಂಬ ಯಂತ್ರದಲ್ಲಿ ಉಜ್ಜುವ ತುದಿ 16 ಮಿಲಿಮೀಟರ್ ಅಗಲ, ಒತ್ತಡ 9 ನ್ಯೂಟನ್, ಅಂದರೆ ಸುಮಾರು 900 ಗ್ರಾಂ ಭಾರ. ಸರಿಸುಮಾರು 10 ಸೆಂಟಿಮೀಟರ್ ಜಾಗದಲ್ಲಿ ಸೆಕೆಂಡಿಗೊಮ್ಮೆ ಹೋಗಿ ಬಂದು, ಹತ್ತು ಸಲ. ನಾನು 16 ಮಿಲಿಮೀಟರಿನ ಮರದ ಗೂಟ ತಂದು ನೀರಿನ ಬಾಟಲಿಯ ತಳಕ್ಕೆ ಬಿಗಿದೆ. ಗೂಟ, ಬಾಟಲಿ, ನೀರು ಎಲ್ಲ ಸೇರಿ 900 ಗ್ರಾಂ ಬರುವಷ್ಟು ನೀರು ತುಂಬಿದೆ. ಕೈಯಿಂದ ಒತ್ತುವುದಿಲ್ಲ, ಬಾಟಲಿ ಬೀಳದ ಹಾಗೆ ಹಿಡಿದು ಸರಿಸುತ್ತೇನೆ ಅಷ್ಟೇ. ಅಂಕಗಳು ನೆಟ್ಟಗಾದವು.

ಒದ್ದೆ ಉಜ್ಜುವಿಕೆಗೆ ನೀರಿನ ಅಳತೆ ಮುಖ್ಯ. ಗೂಟದ ತುದಿಗೆ ಕಟ್ಟುವ ಬಿಳಿ ಚೂರು ತನ್ನ ತೂಕದಷ್ಟೇ ನೀರು ಹಿಡಿದಿರಬೇಕು. 5 ಸೆಂಟಿಮೀಟರ್ ಚೌಕದ ಚೂರು ಕಾಲು ಗ್ರಾಮಿನ ಆಸುಪಾಸು ಇರುತ್ತದೆ, ನನ್ನ ತಕ್ಕಡಿಗೆ ಅದು ಗೊತ್ತೇ ಆಗುವುದಿಲ್ಲ. ಅದಕ್ಕೆ ಹತ್ತು ಚೂರು ಒಟ್ಟಿಗೆ ತೂಗಿ, ನೆನೆಸಿ, ಹಿಂಡಿ, ತೂಕ ಎರಡರಷ್ಟಾದಾಗ ನಿಲ್ಲಿಸುತ್ತೇನೆ. ಬಿಳಿ ಬಟ್ಟೆಯಲ್ಲಿ ಗಂಜಿ ಇರಬಾರದು. ಹೊಸ ಬಟ್ಟೆಯನ್ನು ಹಾಗೇ ಕತ್ತರಿಸಿ ಬಳಸಿ ನಾನು ಒಂದಿಷ್ಟು ಸುಳ್ಳು 4ಗಳನ್ನು ಪಡೆದಿದ್ದೇನೆ.

ಬೆವರಿನ ಟೆಸ್ಟ್ ನನ್ನನ್ನು ತುಂಬ ಕಾಡಿಸಿತು. ಉಪ್ಪುನೀರಿನ ತಟ್ಟೆಯಲ್ಲಿ ಎರಡೂ ಬಟ್ಟೆ ಒಟ್ಟಿಗೆ ಇಟ್ಟೆ. ಎಲ್ಲದಕ್ಕೂ 5 ಬಂತು! ವಾಪಸ್ ಬಂದಿದ್ದ ಅದೇ ಮರೂನ್ ಬಟ್ಟೆಗೂ 5. ಆಗ ಹೊಳೆಯಿತು, ಕಂಕುಳಲ್ಲಿ ಬಟ್ಟೆ ನೀರಲ್ಲಿ ತೇಲುವುದಿಲ್ಲ. ಒತ್ತಿಕೊಂಡು, ಬೆಚ್ಚಗೆ, ಗಂಟೆಗಟ್ಟಲೆ ಇರುತ್ತದೆ. ಲ್ಯಾಬಿನಲ್ಲೂ ಹಾಗೆಯೇ. ಅರ್ಧ ಗಂಟೆ ನೆನೆಸಿ, ಎರಡು ಹಲಗೆಗಳ ನಡುವೆ ಒತ್ತಿ, 37 ಡಿಗ್ರಿಯಲ್ಲಿ 4 ಗಂಟೆ ಇಡುತ್ತಾರೆ. 4 ಸೆಂಟಿಮೀಟರ್ ಅಗಲ, 10 ಸೆಂಟಿಮೀಟರ್ ಉದ್ದದ ಚೂರಿಗೆ ಆ ಒತ್ತಡ ಸುಮಾರು 5 ಕಿಲೋ ಆಗುತ್ತದೆ.

ಎರಡನೇ ಸಲ ಎರಡು ಗಾಜಿನ ತುಂಡು, ಮೇಲೆ 5 ಕಿಲೋ ಇಟ್ಟೆ. ಈ ಸಲ ಬಟ್ಟೆಯ ಅಂಚು ಒಣಗಿ ಗಾಢ ಗೆರೆ ಬಿತ್ತು. ಅಂಚಿನಲ್ಲಿ ನೀರು ಆರುತ್ತಾ ಒಳಗಿನ ಬಣ್ಣವನ್ನು ಅಲ್ಲಿಗೆ ಎಳೆದಿತ್ತು. ಅಂಥ ಗೆರೆ ಕಂಡರೆ ಆ ಚೂರಿಗೆ ಅಂಕ ಕೊಡಬೇಡಿ, ಎಸೆದು ಮತ್ತೆ ಮಾಡಿ. ಈಗ ಗಾಜಿನ ಸಮೇತ ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಸುತ್ತುತ್ತೇನೆ. ನಾಲ್ಕು ಗಂಟೆ ಬಿಸಿ ಹಿಡಿಯಲು ನಾನು ಮಾಡಿಕೊಂಡ ಪೆಟ್ಟಿಗೆಯ ಗುಟ್ಟು ನನ್ನ ಹತ್ತಿರವೇ ಇರಲಿ. ಥರ್ಮಾಮೀಟರ್ ಇಟ್ಟು ನೀವೂ ನಾಲ್ಕು ದಿನ ಒದ್ದಾಡಿದರೆ ದಾರಿ ಸಿಗುತ್ತದೆ.

ಬೆವರಿನ ನೀರು ಎರಡು ಬಗೆ. ಹೊಸ ಬೆವರು ಸ್ವಲ್ಪ ಹುಳಿ, ಹಳೆಯದಾಗುತ್ತಾ ಕ್ಷಾರದ ಕಡೆ ವಾಲುತ್ತದೆ. ಲ್ಯಾಬ್ ಅದಕ್ಕೇ ಪಿಎಚ್ 5.5 ಮತ್ತು 8, ಎರಡರಲ್ಲೂ ನೋಡುತ್ತದೆ. ಅಲ್ಲಿ ಹಿಸ್ಟಿಡಿನ್, ಫಾಸ್ಫೇಟ್ ಲವಣ ಎಲ್ಲ ಹಾಕುತ್ತಾರೆ. ನಾನು ಲೀಟರಿಗೆ 5 ಗ್ರಾಂ ಉಪ್ಪು ಹಾಕಿ, ಒಂದು ಪಾತ್ರೆಗೆ ವಿನೆಗರ್ ಹನಿ, ಇನ್ನೊಂದಕ್ಕೆ ಅಡುಗೆ ಸೋಡಾ ಹಾಕಿ ಪಿಎಚ್ ಪೇಪರಿನಲ್ಲಿ ನೋಡಿಕೊಳ್ಳುತ್ತೇನೆ. ಇದು ಲ್ಯಾಬಿಗೆ ಸಮ ಅಲ್ಲ. ಕೆಟ್ಟ ಬಟ್ಟೆಯನ್ನು ಹಿಡಿದುಕೊಡಲು ಸಾಕು.

ದುಡ್ಡು ಹೆಚ್ಚು ಹೋದದ್ದು ಗ್ರೇ ಸ್ಕೇಲ್ ಕಾರ್ಡಿಗೆ, ಅಂದರೆ ಚೂರನ್ನು ಪಕ್ಕದಲ್ಲಿಟ್ಟು ಹೋಲಿಸಿ ಅಂಕ ಕೊಡುವ ಕಾರ್ಡಿಗೆ. ಮೂರು ಒಳ್ಳೆ ಕತ್ತರಿ ಬರುತ್ತಿತ್ತೇನೋ. ಮೊದಲು ಮೊಬೈಲಿನಲ್ಲಿ ಫೋಟೋ ಹೊಡೆದು ಹೋಲಿಸಿದ್ದೆ, ಬೆಳಕು ಬದಲಾದಂತೆ ಅಂಕವೂ ಬದಲಾಯಿತು. ಬಣ್ಣ ಹತ್ತಿದ್ದನ್ನು ಅಳೆಯುವ ಕಾರ್ಡೇ ಬೇರೆ, ಬಣ್ಣ ಮಾಸಿದ್ದನ್ನು ಅಳೆಯುವ ಕಾರ್ಡೇ ಬೇರೆ. ಒಂದನ್ನೇ ಕೊಳ್ಳುವುದಾದರೆ ಹತ್ತಿದ್ದರ ಕಾರ್ಡ್ ಕೊಳ್ಳಿ. ಉಜ್ಜಿದ ಚೂರಿನ ಕೆಳಗೆ ಅದೇ ಬಿಳಿ ಬಟ್ಟೆಯ ಮೂರು ಪದರ ಇಟ್ಟು ನೋಡಬೇಕು. ಇಲ್ಲದಿದ್ದರೆ ಮೇಜಿನ ಬಣ್ಣ ಕೆಳಗಿನಿಂದ ಇಣುಕುತ್ತದೆ.

ನಂಬಿಕೆ ಬಂದದ್ದು ಹೀಗೆ. ಆರು ಬಟ್ಟೆಗಳನ್ನು ನಾನೇ ಅಳೆದು, ಅಂಕ ಬರೆದಿಟ್ಟು, ಆಮೇಲೆ ಲ್ಯಾಬಿಗೆ ಕಳಿಸಿದೆ. ಹೆಚ್ಚಿನ ಕಡೆ ಅರ್ಧ ಮೆಟ್ಟಿಲಿನ ವ್ಯತ್ಯಾಸ ಬಂತು. ಒಂದು ಬೆವರಿನ ಅಂಕದಲ್ಲಿ ಮಾತ್ರ ಪೂರ್ತಿ ಒಂದು ಮೆಟ್ಟಿಲು ತಪ್ಪಿದ್ದೆ. "ಮೆಷಿನ್ ಕೆಲಸ" ಅಂದಿದ್ದ ವ್ಯಾಪಾರಿ ಆ ಎರಡು ಕಾಗದ ಪಕ್ಕ ಪಕ್ಕ ಇಟ್ಟು ಬಹಳ ಹೊತ್ತು ನೋಡಿದರು. ಈಗ ಅವರೇ ಹೊಸ ಥಾನಿನ ಚೂರು ಕಳಿಸಿ ಕೇಳುತ್ತಾರೆ.

ಕಳೆದ ಸಲದ ಕೆಲಸ ಹೇಳುತ್ತೇನೆ. ಗಾಢ ನೀಲಿ ಕಾಟನ್, ಬಿಳಿ ಕಾಟನ್ ಪೈಪಿಂಗ್. ಒಣ ಉಜ್ಜುವಿಕೆ 4, ಒದ್ದೆ 2. ಗಾಢ ಬಣ್ಣದಲ್ಲಿ ಒದ್ದೆ ಅಂಕ ಒಣ ಅಂಕಕ್ಕಿಂತ ಕೆಳಗಿರುವುದು ಮಾಮೂಲು, ಆದರೆ ಬಿಳಿ ಪೈಪಿಂಗ್ ಪಕ್ಕ 2 ಅಂದರೆ ಕೈ ಕೆಸರು. ಕ್ಷಾರ ಬೆವರಿಗೆ 3. ನಾರಿಗೇ ಬೆಸೆದುಕೊಳ್ಳುವ ರಿಯಾಕ್ಟಿವ್ ಬಣ್ಣ ಅಂತ ವ್ಯಾಪಾರಿ ಹೇಳಿದ್ದರು. ಹಾಗಾದರೆ ನಾರಿಗೆ ಹಿಡಿಯದ ಬಣ್ಣವನ್ನು ಡೈಯಿಂಗಿನವರು ಸರಿಯಾಗಿ ತೊಳೆದಿಲ್ಲ ಅಂತ ಅನುಮಾನ ಬಂತು. ಚೂರನ್ನು ಚೆನ್ನಾಗಿ ಬಿಸಿ ಇರುವ ನೀರಿನಲ್ಲಿ ಸ್ವಲ್ಪ ಸೋಪು ಹಾಕಿ ಮೂರು ಸಲ ತೊಳೆದೆ. ಮೊದಲ ನೀರು ಶಾಯಿ, ಮೂರನೆಯದು ತಿಳಿನೀಲಿ. ಮತ್ತೆ ಅಳೆದರೆ ಒದ್ದೆ ಉಜ್ಜುವಿಕೆ 3, ಬೆವರು 4. ಇಡೀ ಬಟ್ಟೆಯನ್ನು ಹಾಗೇ ತೊಳೆಸಿದೆ. ನೂರಕ್ಕೆ ಮೂರೋ ನಾಲ್ಕೋ ಕುಗ್ಗಿತು, ಅದನ್ನು ಬಟ್ಟೆಯ ಲೆಕ್ಕದಲ್ಲಿ ಮೊದಲೇ ಸೇರಿಸಿದ್ದೆ. ಆದರೂ 3ನ್ನು ನಂಬಿ ಬಿಳಿ ಹಾಕುವ ಧೈರ್ಯ ಬರಲಿಲ್ಲ. ಗಿರಾಕಿಗೆ ಎರಡೂ ಚೂರು ತೋರಿಸಿದೆ, ಅವರು ತಿಳಿ ಬೂದಿ ಪೈಪಿಂಗ್ ಒಪ್ಪಿದರು. ಒಂದು ಪೀಸೂ ವಾಪಸ್ ಬರಲಿಲ್ಲ.

ನಡುವೆ ಉಪ್ಪು ಮತ್ತು ವಿನೆಗರಿನಲ್ಲಿ ನೆನೆಸಿ ಬಣ್ಣ ಕಟ್ಟುತ್ತದಾ ಅಂತಲೂ ನೋಡಿದೆ. ಇದೇ ನೀಲಿ ಬಟ್ಟೆಗೆ ರಾತ್ರಿಯಿಡೀ ನೆನೆಸಿದರೂ ಒದ್ದೆ ಅಂಕ 2ರಲ್ಲೇ ನಿಂತಿತು. ಇನ್ನೊಂದು ಪ್ರಯೋಗದಿಂದ ಲಾಭ ಆಯಿತು. ಪಾಲಿಯೆಸ್ಟರಿಗೆ ಬಿಸಿ ಇಸ್ತ್ರಿಯಿಂದ ಕ್ಯಾನ್ವಾಸ್ ಅಂಟಿಸಿದ ಮೇಲೆ ಮತ್ತೆ ಟೆಸ್ಟ್ ಮಾಡಿದೆ. ಒಂದು ಗಾಢ ಬಟ್ಟೆಯಲ್ಲಿ ಅಂಕ ಅರ್ಧ ಮೆಟ್ಟಿಲು ಇಳಿಯಿತು. ಜಾಸ್ತಿ ಬಿಸಿಗೆ ಡಿಸ್ಪರ್ಸ್ ಬಣ್ಣ ಒಳಗಿನಿಂದ ಮೇಲಕ್ಕೆ ಬರುತ್ತದೆ. ಅಂದಿನಿಂದ ಪಾಲಿಯೆಸ್ಟರ್ ಆದರೆ ಇಸ್ತ್ರಿ, ಕ್ಯಾನ್ವಾಸ್ ಎಲ್ಲ ಆದ ಚೂರನ್ನೇ ಅಳೆಯುತ್ತೇನೆ.

ರೆಡಿಮೇಡ್ ಕೊಳ್ಳುವವರು ಬಾಟಲಿ, ಗೂಟ ಹೊತ್ತು ತಿರುಗಬೇಕಿಲ್ಲ. ಬಟ್ಟೆಯ ಒಳಗಡೆ ಹೊಲಿಗೆಯ ಹೆಚ್ಚುವರಿ ಅಂಚು ಇರುತ್ತದಲ್ಲ, ಅಲ್ಲಿ ಒದ್ದೆ ಬಿಳಿ ಬಟ್ಟೆಯಿಂದ ಹತ್ತು ಸಲ ಉಜ್ಜಿ. ಆಮೇಲೆ ಅದರ ಜೊತೆ ಏನು ಹಾಕಿಕೊಳ್ಳುತ್ತೀರಿ ಅಂತ ಯೋಚಿಸಿ. ಇಂಡಿಗೋ ಹಾಕಿದ ಡೆನಿಮ್ ಒದ್ದೆ ಉಜ್ಜುವಿಕೆಯಲ್ಲಿ 1-2 ಬಂದರೆ ಅದು ಆ ಬಣ್ಣದ ಗುಣ, ಬಿಳಿ ಸೋಫಾದ ಮೇಲೆ ಕೂರದಿದ್ದರೆ ಆಯಿತು. ರಿಪೋರ್ಟ್ ತೋರಿಸಿದರೆ "ಹತ್ತುವ ಸಾಲಿನಲ್ಲಿ ಎಲ್ಲಕ್ಕಿಂತ ಕಡಿಮೆ ಅಂಕ ಯಾವ ನಾರಿಗೆ?" ಅಂತ ಕೇಳಿ. ಟೈಲರ್ ಆದರೆ ಥಾನು ಬದಲಾದಾಗಲೆಲ್ಲ ಹೊಸ ಚೂರು ಕತ್ತರಿಸಿ. ಒಂದೇ ಶೇಡಿನ ಎರಡು ಥಾನುಗಳಲ್ಲಿ ನನಗೆ ಒಂದಕ್ಕೆ 3-4, ಇನ್ನೊಂದಕ್ಕೆ 2-3 ಬಂದದ್ದಿದೆ.